ನೆಗೆಟಿವ್ ವರದಿ ಎಷ್ಟು ಹೇಳುತ್ತದೆ?

(ದತ್ತಿ ಉಪನ್ಯಾಸದ ಮುದ್ರಿತ ರೂಪ)



2021ರ ಏಪ್ರಿಲ್ ಮತ್ತು ಮೇ ತಿಂಗಳನ್ನು ಬೆಂಗಳೂರಿನಲ್ಲಿ ಕಳೆದವರಿಗೆ ಬಿಯು ನಂಬರ್ ಎಂಬುದು ನೆನಪಿರುತ್ತದೆ. ಕೋವಿಡ್ ವಾರ್ಡಿನಲ್ಲಿ ಹಾಸಿಗೆ ಸಿಗಬೇಕಾದರೆ ಆ ನಂಬರ್ ಬೇಕಿತ್ತು. ನಂಬರ್ ಬರಬೇಕಾದರೆ ಪಾಸಿಟಿವ್ ವರದಿ ಬೇಕಿತ್ತು. ಜ್ವರ, ಕೆಮ್ಮು, ಏದುಸಿರು ಎಲ್ಲ ಇದ್ದೂ ವರದಿ ನೆಗೆಟಿವ್ ಬಂದವರ ಪಾಡು ಏನಾಯಿತೆಂಬುದನ್ನು ನಾನು ವಿವರಿಸಬೇಕಿಲ್ಲ. ಅದೇ ವರ್ಷ ಕೇರಳದಿಂದ ತಲಪಾಡಿ ಚೆಕ್‌ಪೋಸ್ಟ್ ದಾಟಿ ಮಂಗಳೂರಿಗೆ ಬರುವವರ ಕೈಯಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಇರಬೇಕೆಂಬ ನಿಯಮ ಬಂತು. ಆಸ್ಪತ್ರೆಯ ಬಾಗಿಲಲ್ಲಿ ನೆಗೆಟಿವ್ ವರದಿ ಜನರನ್ನು ತಡೆಯಿತು, ರಾಜ್ಯದ ಗಡಿಯಲ್ಲಿ ಒಳಗೆ ಬಿಟ್ಟಿತು. ಎರಡೂ ಕಡೆ ನಂಬಿಕೆ ಮಾತ್ರ ಒಂದೇ: ನೆಗೆಟಿವ್ ಎಂದರೆ ಆ ಮನುಷ್ಯನಿಗೆ ಸೋಂಕಿಲ್ಲ.

ಈ ನಂಬಿಕೆಯನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ. ಪರೀಕ್ಷೆ ನೋಡುವುದು ಇಡೀ ಮನುಷ್ಯನನ್ನಲ್ಲ. ಇಂಥ ದಿನ, ಇಂಥ ಹೊತ್ತಿನಲ್ಲಿ ಅವನ ಮೂಗಿನಿಂದ ಬಂದ ಒಂದು ಹತ್ತಿಕಡ್ಡಿಯನ್ನು. ಹಾಗಾಗಿ ನೆಗೆಟಿವ್ ವರದಿಯ ಅರ್ಥ ಮೂರು ಸಂಗತಿಗಳನ್ನು ಅವಲಂಬಿಸಿದೆ: ಯಾವ ಪರೀಕ್ಷೆ, ಸೋಂಕಿನ ಎಷ್ಟನೇ ದಿನ, ಮತ್ತು ಪರೀಕ್ಷೆಗೆ ಮೊದಲೇ ನಮಗಿದ್ದ ಸಂಶಯ ಎಷ್ಟು. ಈ ಮೂರನ್ನೂ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಎರಡು ಪರೀಕ್ಷೆ, ಎರಡು ಹುಡುಕಾಟ

ಆರ್‌ಟಿ-ಪಿಸಿಆರ್ ಹುಡುಕುವುದು ವೈರಾಣುವಿನ ಆನುವಂಶಿಕ ವಸ್ತುವನ್ನು, ಎಂದರೆ ಆರ್‌ಎನ್‌ಎಯನ್ನು. ಮೂಗಿನ ಹಿಂಬದಿಯಿಂದ, ಗಂಟಲಿನಿಂದ ತೆಗೆದ ದ್ರವವನ್ನು ವಿಟಿಎಂ ಎಂಬ ಸಾಗಣೆ ದ್ರಾವಣದ ಕೊಳವೆಯಲ್ಲಿ ಹಾಕಿ, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಮೊದಲು ಆರ್‌ಎನ್‌ಎಯನ್ನು ಬೇರ್ಪಡಿಸುತ್ತಾರೆ. ಆಮೇಲೆ ಒಂದು ಕಿಣ್ವ ಅದನ್ನು ಡಿಎನ್‌ಎ ಪ್ರತಿಯಾಗಿ ಬರೆಯುತ್ತದೆ. ನಂತರ ಯಂತ್ರ ಆ ದ್ರವವನ್ನು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ ಪ್ರತಿ ಸುತ್ತಿನಲ್ಲೂ ಡಿಎನ್‌ಎ ಪ್ರತಿಗಳನ್ನು ಇಮ್ಮಡಿ ಮಾಡುತ್ತ ಹೋಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲ ಸರಿಯಾಗಿ ನಡೆದರೆ 30 ಸುತ್ತಿನ ಹೊತ್ತಿಗೆ ಒಂದೇ ಪ್ರತಿ 100 ಕೋಟಿ ದಾಟುತ್ತದೆ. ಎಷ್ಟನೇ ಸುತ್ತಿನಲ್ಲಿ ಯಂತ್ರಕ್ಕೆ ಬೆಳಕಿನ ಸಂಕೇತ ಕಾಣಿಸಿತು ಎಂಬುದೇ ನೀವೆಲ್ಲ ಕೇಳಿರುವ ಸಿಟಿ ವ್ಯಾಲ್ಯೂ. ಅದು ಕಡಿಮೆ ಇದ್ದಷ್ಟೂ ಮೂಲ ಮಾದರಿಯಲ್ಲಿ ವೈರಾಣು ಹೆಚ್ಚು. ಸಿಟಿ 20 ಮತ್ತು ಸಿಟಿ 30ರ ನಡುವೆ ಇರುವುದು ಹತ್ತು ಸುತ್ತು; ವೈರಾಣುವಿನ ಲೆಕ್ಕದಲ್ಲಿ ಅದು ಸುಮಾರು ಸಾವಿರ ಪಟ್ಟಿನ ಅಂತರ.

ರ್‍ಯಾಪಿಡ್ ಆಂಟಿಜೆನ್ ಪರೀಕ್ಷೆ ಹುಡುಕುವುದು ವೈರಾಣುವಿನ ಪ್ರೋಟೀನನ್ನು. ಹೆಚ್ಚಿನ ಕಿಟ್‌ಗಳು ಆರ್‌ಎನ್‌ಎಯನ್ನು ಸುತ್ತಿಕೊಂಡಿರುವ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಪ್ರೋಟೀನನ್ನು ಗುರಿಮಾಡುತ್ತವೆ, ಏಕೆಂದರೆ ವೈರಾಣುವಿನಲ್ಲಿ ಅದು ಹೇರಳವಾಗಿದೆ. ಸ್ವಾಬನ್ನು ಬಫರ್ ದ್ರವದಲ್ಲಿ ಅದ್ದಿ ಹಿಂಡಿದಾಗ ವೈರಾಣು ಒಡೆದು ಪ್ರೋಟೀನು ಹೊರಬರುತ್ತದೆ. ಕೆಲವು ಹನಿ ಹಾಕಿದರೆ ದ್ರವ ಪಟ್ಟಿಯುದ್ದಕ್ಕೂ ಹರಿಯುತ್ತದೆ. ದಾರಿಯಲ್ಲಿ ಬಣ್ಣದ ಕಣ ಕಟ್ಟಿಕೊಂಡ ಪ್ರತಿಕಾಯಗಳು ಆ ಪ್ರೋಟೀನನ್ನು ಹಿಡಿಯುತ್ತವೆ. ಮುಂದೆ ಟಿ ಗೆರೆಯಲ್ಲಿ ಕುಳಿತ ಇನ್ನೊಂದು ಗುಂಪಿನ ಪ್ರತಿಕಾಯಗಳು ಆ ಜೋಡಿಯನ್ನು ತಡೆದು ನಿಲ್ಲಿಸುತ್ತವೆ. ಸಾಕಷ್ಟು ಕಣ ಒಂದೆಡೆ ಸೇರಿದಾಗ ಕಣ್ಣಿಗೆ ಗೆರೆ ಕಾಣುತ್ತದೆ. ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಇಲ್ಲಿ ಇಮ್ಮಡಿಯಾಗುವ ಹಂತವೇ ಇಲ್ಲ ಎಂಬುದನ್ನು ಗಮನಿಸಿ. ಪಿಸಿಆರ್ ಸಿಕ್ಕ ಒಂದೆರಡು ಕಾಳನ್ನೇ ಬಿತ್ತಿ, ಬೆಳೆದು, ರಾಶಿ ಹಾಕಿ ನೋಡುತ್ತದೆ. ಆಂಟಿಜೆನ್ ಪರೀಕ್ಷೆ ಮುಷ್ಟಿಯಲ್ಲಿ ಎಷ್ಟು ಕಾಳಿದೆಯೋ ಅಷ್ಟನ್ನೇ ತಕ್ಕಡಿಗೆ ಹಾಕುತ್ತದೆ. ಹೀಗಾಗಿ ಪಿಸಿಆರ್‌ಗೆ ಕಾಣುವ ಪ್ರಮಾಣಕ್ಕಿಂತ ಸಾಮಾನ್ಯವಾಗಿ ನೂರಾರು, ಹಲವು ಸಲ ಸಾವಿರಾರು ಪಟ್ಟು ಹೆಚ್ಚು ವೈರಾಣು ಇದ್ದಾಗ ಮಾತ್ರ ಟಿ ಗೆರೆ ಮೂಡುತ್ತದೆ. ಇವೆರಡರ ನಡುವಿನ ಮಿಕ್ಕ ವ್ಯತ್ಯಾಸಗಳಿಗೆಲ್ಲ ಬೇರು ಇದು.

ಸೂಕ್ಷ್ಮತೆಯ ಅಂಕಿ ಬದಲಾಗುತ್ತಲೇ ಇರುವುದೇಕೆ?

ನಿಜವಾಗಿ ಸೋಂಕಿರುವ 100 ಮಂದಿಯಲ್ಲಿ ಎಷ್ಟು ಜನರನ್ನು ಪರೀಕ್ಷೆ ಹಿಡಿಯುತ್ತದೆಯೋ ಅದು ಅದರ ಸೂಕ್ಷ್ಮತೆ. ಸೋಂಕಿಲ್ಲದ 100 ಮಂದಿಯಲ್ಲಿ ಎಷ್ಟು ಜನರಿಗೆ ಸರಿಯಾಗಿ ನೆಗೆಟಿವ್ ಹೇಳುತ್ತದೆಯೋ ಅದು ನಿರ್ದಿಷ್ಟತೆ.

2020ರ ಜೂನ್ 14ರಂದು ಐಸಿಎಂಆರ್ ಭಾರತದಲ್ಲಿ ಮೊದಲ ಆಂಟಿಜೆನ್ ಕಿಟ್‌ ಬಳಕೆಗೆ ಸಲಹಾಪತ್ರ ಹೊರಡಿಸಿತು. ಎಸ್‌ಡಿ ಬಯೋಸೆನ್ಸರ್ ಕಂಪನಿಯ ಸ್ಟ್ಯಾಂಡರ್ಡ್ ಕ್ಯೂ ಎಂಬ ಕಿಟ್ ಅದು. ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ಬೇರೆಬೇರೆಯಾಗಿ ಪರೀಕ್ಷಿಸಿದಾಗ ನಿರ್ದಿಷ್ಟತೆ ಶೇ. 99.3ರಿಂದ 100 ಬಂತು; ಸೂಕ್ಷ್ಮತೆ ಶೇ. 50.6ರಿಂದ 84. ಮೊದಲನೆಯ ಅಂಕಿ ಬಿಗಿಯಾಗಿದೆ, ಎರಡನೆಯದು ಐವತ್ತರಿಂದ ಎಂಬತ್ತನಾಲ್ಕರವರೆಗೆ ಓಡಾಡಿದೆ. ಕಿಟ್ ಒಂದೇ ಆಗಿದ್ದರೂ ಹೀಗೇಕೆ? ಉತ್ತರವೂ ಅದೇ ಪತ್ರದಲ್ಲಿತ್ತು: ಅದು ರೋಗಿಯ ಮೈಯಲ್ಲಿನ ವೈರಾಣುವಿನ ಪ್ರಮಾಣವನ್ನು ಅವಲಂಬಿಸಿದೆ.

ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ವಿಮರ್ಶೆ ಇದನ್ನು ಇನ್ನೂ ಸ್ಪಷ್ಟ ಮಾಡಿತು. ಲಕ್ಷಣ ಇದ್ದವರಲ್ಲಿ ಆಂಟಿಜೆನ್ ಪರೀಕ್ಷೆ ಸರಾಸರಿ ಶೇ. 72 ಸೋಂಕನ್ನು ಹಿಡಿಯಿತು, ಲಕ್ಷಣ ಇಲ್ಲದವರಲ್ಲಿ ಶೇ. 58. ಲಕ್ಷಣ ಶುರುವಾದ ಮೊದಲ ವಾರದಲ್ಲಿ ಶೇ. 78, ಎರಡನೇ ವಾರದಲ್ಲಿ ಶೇ. 51. ಸಿಟಿ 25 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನಷ್ಟೇ ತೆಗೆದುಕೊಂಡರೆ ಶೇ. 94ಕ್ಕೂ ಮೇಲೆ, ಅದಕ್ಕಿಂತ ಹೆಚ್ಚಿದ್ದವರಲ್ಲಿ ಸುಮಾರು ಶೇ. 41. ಪಟ್ಟಿಯ ಗುಣ ಎಲ್ಲೂ ಬದಲಾಗಲಿಲ್ಲ, ಬದಲಾದದ್ದು ಮೂಗಿನೊಳಗಿನ ವೈರಾಣುವಿನ ಪ್ರಮಾಣ. ಆದ್ದರಿಂದ ಕಿಟ್ ಪೊಟ್ಟಣದ ಮೇಲೆ ಮುದ್ರಿಸಿದ ಅಂಕಿಯನ್ನು ಓದುವಾಗ, ಯಾರನ್ನು, ಕಾಯಿಲೆಯ ಯಾವ ದಿನ ಪರೀಕ್ಷಿಸಿ ಅದನ್ನು ಪಡೆದರು ಎಂದು ಕೇಳಲೇಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಂಟಿಜೆನ್ ಪರೀಕ್ಷೆಯ ಈ ಶೇಕಡಾಂಕಗಳೆಲ್ಲ ಪಿಸಿಆರ್ ಅನ್ನು ಅಳತೆಗೋಲಾಗಿ ಇಟ್ಟುಕೊಂಡು ಬಂದವು. ಪಿಸಿಆರ್ ಪಾಸಿಟಿವ್ ಹೇಳಿದವರಲ್ಲಿ ಎಷ್ಟು ಜನರನ್ನು ಪಟ್ಟಿಯೂ ಹಿಡಿಯಿತು ಎಂಬುದಷ್ಟೇ ಲೆಕ್ಕ. ಪಿಸಿಆರ್ ಬಿಟ್ಟವರು ಈ ಲೆಕ್ಕದೊಳಗೇ ಬರುವುದಿಲ್ಲ. ಅವರ ಸಂಖ್ಯೆ ಸಣ್ಣದೂ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಏಳು ಅಧ್ಯಯನಗಳ ಮಾಹಿತಿಯನ್ನು ಒಟ್ಟುಹಾಕಿ ಅಂದಾಜಿಸಿದ ಪ್ರಕಾರ, ಸೋಂಕು ತಗುಲಿದ ಮೊದಲ ದಿನ ಪಿಸಿಆರ್ ಎಲ್ಲರನ್ನೂ ಬಿಡುತ್ತದೆ. ನಾಲ್ಕನೇ ದಿನ 100ರಲ್ಲಿ 67 ಮಂದಿಯನ್ನು ಬಿಡುತ್ತದೆ. ಲಕ್ಷಣ ಕಾಣಿಸುವ ಐದನೇ ದಿನ 38. ಎಂಟನೇ ದಿನ, ಅಂದರೆ ಲಕ್ಷಣ ಶುರುವಾಗಿ ಮೂರು ದಿನದ ಮೇಲೆ, 20. ಅದೇ ಅತ್ಯಂತ ಕಡಿಮೆ; ಆಮೇಲೆ ಮತ್ತೆ ಏರುತ್ತದೆ. ಅದು ಸಾಂಕ್ರಾಮಿಕದ ಮೊದಲ ತಿಂಗಳುಗಳ ಮಾಹಿತಿ, ಅಂದಾಜಿನ ಅಂಚುಗಳೂ ಅಗಲ. ಆದರೆ ಅದು ತೋರಿಸುವ ಆಕಾರ ಮುಖ್ಯ. ಚಿನ್ನದ ಮಟ್ಟದ್ದು ಎನಿಸಿಕೊಂಡ ಪರೀಕ್ಷೆಗೂ ಒಳ್ಳೆಯ ದಿನ, ಕೆಟ್ಟ ದಿನ ಇವೆ.

ಒಬ್ಬ ಮೇಷ್ಟ್ರ ಒಂದು ವಾರ

ಈಗ ಕಾಲದ ಪ್ರಶ್ನೆಗೆ ಬರೋಣ. ಒಬ್ಬ ಕಲ್ಪಿತ ಮೇಷ್ಟ್ರನ್ನು ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಹೆಂಡತಿ ಮತ್ತು ಎಪ್ಪತ್ತು ದಾಟಿದ ತಾಯಿ. 2021ರ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮದುವೆ ಊಟದ ಪಂಕ್ತಿಯಲ್ಲಿ ಅವರಿಗೆ ಸೋಂಕು ತಗುಲಿತು ಎಂದಿಟ್ಟುಕೊಳ್ಳಿ. ಸೋಂಕು ತಗುಲಿದ ಗಳಿಗೆ ನಿಜಜೀವನದಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಅದು ತಿಳಿದಿತ್ತು. ಅಲ್ಲಿ 36 ಆರೋಗ್ಯವಂತ ಯುವ ಸ್ವಯಂಸೇವಕರ ಮೂಗಿಗೆ ಅಳತೆ ಮಾಡಿದ ಸಣ್ಣ ಪ್ರಮಾಣದ ವೈರಾಣುವನ್ನು ಹನಿಸಿ, ದಿನಕ್ಕೆರಡು ಬಾರಿ ಪರೀಕ್ಷಿಸಿದರು. 18 ಜನರಿಗೆ ಸೋಂಕು ನಿಂತಿತು. 2022ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ವೈರಾಣು ಗಂಟಲಿನಲ್ಲಿ ಕಾಣಿಸಿಕೊಂಡದ್ದು ಸರಾಸರಿ 40 ಗಂಟೆಯ ಮೇಲೆ, ಮೂಗಿನಲ್ಲಿ 58 ಗಂಟೆಯ ಮೇಲೆ. ಸುಮಾರು ಐದನೇ ದಿನ ಅದು ತುತ್ತತುದಿ ತಲುಪಿತು. ಅದನ್ನು ಮೇಷ್ಟ್ರಿಗೆ ಹೊಂದಿಸಿ ನೋಡೋಣ.

ಸೋಮವಾರ ಸಂಜೆ ಫೋನು ಬರುತ್ತದೆ: ಪಕ್ಕದಲ್ಲಿ ಕೂತು ಉಂಡವರಿಗೆ ಪಾಸಿಟಿವ್ ಬಂದಿದೆ. ಗಾಬರಿಯಾದ ಮೇಷ್ಟ್ರು ಆ ಹೊತ್ತಿಗೇ ಓಡಿ ಎರಡೂ ಪರೀಕ್ಷೆ ಮಾಡಿಸುತ್ತಾರೆ. ಎರಡೂ ನೆಗೆಟಿವ್. ಎರಡೂ ಸುಳ್ಳಲ್ಲ: ಆ ಸ್ವಾಬಿನಲ್ಲಿ ವೈರಾಣು ಸಿಗುವಷ್ಟು ಇರಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ‘ನನಗೆ ಸೋಂಕು ತಗುಲಿತೇ’ ಎಂಬುದು. ವರದಿ ಉತ್ತರಿಸಿದ್ದು ‘ಈಗ ನಿಮ್ಮ ಮೂಗಿನಲ್ಲಿ ಕಾಣುವಷ್ಟು ವೈರಾಣು ಇದೆಯೇ’ ಎಂಬುದನ್ನು. ಪ್ರಯೋಗದ ಲೆಕ್ಕ ಹಿಡಿದರೆ ಅವರ ಗಂಟಲಲ್ಲಿ ವೈರಾಣು ಕಾಣಿಸುವುದು ಮಂಗಳವಾರ ನಸುಕಿಗೆ, ಮೂಗಿನಲ್ಲಿ ಅದೇ ರಾತ್ರಿ ಹತ್ತರ ಹೊತ್ತಿಗೆ.

ಬುಧವಾರ, ಗುರುವಾರ ವೈರಾಣು ಗಂಟೆಗಂಟೆಗೂ ಏರುತ್ತಿರುತ್ತದೆ. ಈಗ ಸ್ವಾಬ್ ತೆಗೆದರೆ ಪಿಸಿಆರ್ ಹಿಡಿಯುವ ಸಾಧ್ಯತೆ ಬೆಳೆಯುತ್ತ ಹೋಗುತ್ತದೆ. ಆಂಟಿಜೆನ್ ಪಟ್ಟಿಯಲ್ಲಿ ಇನ್ನೂ ಟಿ ಗೆರೆ ಮೂಡಿಲ್ಲ. ಏರುವ ದಾರಿಯಲ್ಲಿ ಪಿಸಿಆರ್‌ಗೆ ಸಿಗುವ ಮುನ್ನಡೆ ಬಹಳವಾದರೆ ಒಂದೆರಡು ದಿನ. ಅವರು ಸೋಮವಾರದ ನೆಗೆಟಿವ್ ವರದಿಯನ್ನೇ ಜೇಬಿನಲ್ಲಿಟ್ಟುಕೊಂಡು ಗುರುವಾರ ಮಧ್ಯಾಹ್ನ ಗಡಿ ದಾಟಿದರು ಎನ್ನಿ. 72 ಗಂಟೆ ಇನ್ನೂ ಮುಗಿದಿಲ್ಲ, ಕಾಗದ ಕ್ರಮಬದ್ಧವಾಗಿದೆ, ಪೊಲೀಸರು ಬಿಡುತ್ತಾರೆ. ಅಷ್ಟರಲ್ಲಿ ಅವರು ಬೇರೆಯವರಿಗೆ ಹರಡುವ ಹಂತಕ್ಕೆ ಬಂದಿರಬಹುದು. ಕಾಗದದ ಆಯುಸ್ಸು ಮೂರು ದಿನ. ಕಾಗದದೊಳಗಿನ ಸತ್ಯದ ಆಯುಸ್ಸು ಒಂದು ದಿನವೂ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಗಂಟಲು ಕೆರೆತ, ಸಂಜೆಗೆ ಜ್ವರ. ಬಡಾವಣೆಯ ಕೇಂದ್ರದಲ್ಲಿ ಆಂಟಿಜೆನ್ ಪರೀಕ್ಷೆ ಮಾಡಿಸಿದರೆ ಪಾಸಿಟಿವ್ ಬರಬಹುದು, ಬಾರದಿರಲೂಬಹುದು. ಶನಿವಾರ, ಭಾನುವಾರಕ್ಕೆ ವೈರಾಣು ತುದಿಯಲ್ಲಿದ್ದಾಗ ಎರಡೂ ಪರೀಕ್ಷೆಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಲಸಿಕೆ ಪಡೆದವರಲ್ಲಿ, ಹಿಂದೊಮ್ಮೆ ಸೋಂಕು ಬಂದುಹೋದವರಲ್ಲಿ ಈ ದಿನಚರಿ ಸ್ವಲ್ಪ ಬೇರೆ. ದೇಹ ವೈರಾಣುವನ್ನು ಬೇಗ ಗುರುತಿಸುವುದರಿಂದ ಲಕ್ಷಣ ಮೊದಲು ಬಂದು, ವೈರಾಣು ತುದಿಗೇರುವುದು ಆಮೇಲೆ. ಮುಂದಿನ ವರ್ಷಗಳ ಅಧ್ಯಯನಗಳಲ್ಲಿ ಆ ತುದಿ ಲಕ್ಷಣದ ನಾಲ್ಕನೇ ದಿನದ ಸುಮಾರಿಗೆ ಸರಿದದ್ದು ಕಂಡಿದೆ. ಆದ್ದರಿಂದ ನೆಗಡಿಯ ಮೊದಲ ದಿನ ಬಂದ ಆಂಟಿಜೆನ್ ನೆಗೆಟಿವ್‌ಗೆ ಈಗ 2020ರಲ್ಲಿದ್ದುದಕ್ಕಿಂತಲೂ ಕಡಿಮೆ ಬೆಲೆ.

ಇನ್ನು ಇಳಿಯುವ ದಾರಿ. ಎರಡನೇ ವಾರ ಕಳೆಯುತ್ತಿದ್ದಂತೆ ಟಿ ಗೆರೆ ತೆಳುವಾಗಿ ಮಾಯವಾಗುತ್ತದೆ. ಪಿಸಿಆರ್ ಮಾತ್ರ ಮೂರನೇ, ನಾಲ್ಕನೇ ವಾರವೂ ಪಾಸಿಟಿವ್ ಹೇಳಬಹುದು. ಕೆಲವರಲ್ಲಿ ತೊಂಬತ್ತು ದಿನದವರೆಗೂ ಹೇಳಿದ್ದುಂಟು. ಅದು ಹಿಡಿಯುತ್ತಿರುವುದು ಸತ್ತ ವೈರಾಣುವಿನ ಆರ್‌ಎನ್‌ಎ ಚೂರುಗಳನ್ನು. ಚೂರಿಗೂ ಜೀವಂತ ವೈರಾಣುವಿಗೂ ವ್ಯತ್ಯಾಸ ಮಾಡುವುದು ಆ ಯಂತ್ರದ ಕೆಲಸವಲ್ಲ. ಬ್ರಿಟನ್ನಿನ ಪ್ರಯೋಗದಲ್ಲಿ ಬೆಳೆಸಲು ಸಾಧ್ಯವಾದ ವೈರಾಣು ಸರಾಸರಿ ಹತ್ತನೇ ದಿನದವರೆಗೆ ಸಿಕ್ಕಿತು, ಆಂಟಿಜೆನ್ ಪಟ್ಟಿಯ ಗೆರೆ ಹೆಚ್ಚುಕಡಿಮೆ ಅದರ ಜೊತೆಜೊತೆಗೇ ನಡೆಯಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇ 8ರಂದು ಬಿಡುಗಡೆಯ ನಿಯಮ ಬದಲಿಸಿ, ಸೌಮ್ಯ ಲಕ್ಷಣದವರನ್ನು ಹತ್ತು ದಿನದ ಮೇಲೆ, ಮೂರು ದಿನ ಜ್ವರವಿಲ್ಲದಿದ್ದರೆ, ಮರುಪರೀಕ್ಷೆ ಇಲ್ಲದೆ ಕಳಿಸಬಹುದು ಎಂದದ್ದು ಈ ತರ್ಕಕ್ಕೆ ಹೊಂದುತ್ತದೆ. ಅದಕ್ಕೆ ಮೊದಲು ಪಿಸಿಆರ್ ನೆಗೆಟಿವ್ ಬರಲೆಂದು ಚೇತರಿಸಿಕೊಂಡವರೂ ವಾರಗಟ್ಟಲೆ ವಾರ್ಡಿನಲ್ಲಿ ಕಾದದ್ದುಂಟು.

ಮೇಷ್ಟ್ರ ಕಥೆಯಿಂದ ಒಂದು ಮಾತು ಹೊರಡುತ್ತದೆ. ಗುರುವಾರದ ಮೂಗಿನಲ್ಲೂ ಮುಂದಿನ ವಾರ ಕಳೆದ ಮೇಲಿನ ಮೂಗಿನಲ್ಲೂ ವೈರಾಣುವಿನ ಪ್ರಮಾಣ ಒಂದೇ ಇರಬಹುದು, ಆಂಟಿಜೆನ್ ಎರಡು ದಿನವೂ ನೆಗೆಟಿವ್ ಇರಬಹುದು. ಆದರೆ ಒಂದು ಏರುವ ದಾರಿಯ ನೆಗೆಟಿವ್, ನಾಳೆ ನಾಡಿದ್ದಿಗೆ ಪಾಸಿಟಿವ್ ಆಗುವಂಥದ್ದು. ಇನ್ನೊಂದು ಇಳಿಯುವ ದಾರಿಯದ್ದು, ಹರಡುವ ಕಾಲ ಮುಗಿಯಿತು ಎಂದು ಸಾಕಷ್ಟು ಭರವಸೆ ಕೊಡುವಂಥದ್ದು. ಯಾವ ದಾರಿಯಲ್ಲಿದ್ದೇವೆ ಎಂಬುದನ್ನು ಪಟ್ಟಿ ಹೇಳಲಾರದು, ರೋಗಿಯ ಕಥೆ ಹೇಳುತ್ತದೆ.

2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪಾಸಿಟಿವ್‌ನ ಸಿಟಿ ಮಿತಿಯನ್ನು 35ರಿಂದ 24ಕ್ಕೆ ಇಳಿಸಬಹುದೇ ಎಂದು ಐಸಿಎಂಆರ್ ಅನ್ನು ಕೇಳಿತು. ಐಸಿಎಂಆರ್ ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ಇಳಿಯುವ ದಾರಿಯವರ ಜೊತೆಗೆ ಏರುವ ದಾರಿಯವರೂ ನೆಗೆಟಿವ್ ಪಟ್ಟಿ ಸೇರುತ್ತಿದ್ದರು. ಪಿಸಿಆರ್ ಪರೀಕ್ಷೆ ತಡವಾಗಿ ಬರುವ ದುಬಾರಿ ಆಂಟಿಜೆನ್ ಪರೀಕ್ಷೆಯಾಗಿಬಿಡುತ್ತಿತ್ತು.

ಅದೇ ನೆಗೆಟಿವ್, ಎರಡು ಬೆಲೆ

ಮೂರನೆಯದು ಮೊದಲೇ ಇದ್ದ ಸಂಶಯ. ಇದಕ್ಕೆ ಸ್ವಲ್ಪ ಕೂಡಿ ಕಳೆಯುವ ಲೆಕ್ಕ ಬೇಕು. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು.

ನಮ್ಮ ಮೇಷ್ಟ್ರಂಥವರು, ಎಂದರೆ ಸೋಂಕಿತರ ಪಕ್ಕ ಕೂತು ಉಂಡು, ಐದಾರು ದಿನದಲ್ಲಿ ಜ್ವರ ಬಂದವರು 100 ಮಂದಿ ಇದ್ದಾರೆ ಎನ್ನಿ. ಎರಡನೇ ಅಲೆಯ ತೀವ್ರತೆಯಲ್ಲಿ ಅವರಲ್ಲಿ 60 ಮಂದಿಗೆ ನಿಜಕ್ಕೂ ಸೋಂಕಿದೆ ಎಂದು ಹಿಡಿಯೋಣ. ಪಿಸಿಆರ್ ತನ್ನ ಒಳ್ಳೆಯ ದಿನದಲ್ಲಿ ಐದರಲ್ಲಿ ನಾಲ್ವರನ್ನು ಹಿಡಿದರೆ 48 ಮಂದಿ ಪಾಸಿಟಿವ್, 12 ಮಂದಿ ತಪ್ಪಿಸಿಕೊಂಡರು. ಸೋಂಕಿಲ್ಲದ 40 ಮಂದಿಯೂ ನೆಗೆಟಿವ್. ಒಟ್ಟು 52 ನೆಗೆಟಿವ್ ವರದಿಗಳಲ್ಲಿ 12 ಸೋಂಕಿತರದು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಆಂಟಿಜೆನ್ ಪರೀಕ್ಷೆ ಪಿಸಿಆರ್ ಹಿಡಿದವರಲ್ಲಿ ಶೇ. 80 ಮಂದಿಯನ್ನು ಹಿಡಿದರೆ ಸಿಕ್ಕವರು 38, ತಪ್ಪಿಸಿಕೊಂಡವರು 22. ನೆಗೆಟಿವ್ ಚೀಟಿಗಳು 62, ಅವುಗಳಲ್ಲಿ 22 ಸೋಂಕಿತರ ಕೈಯಲ್ಲಿ. ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಇಂಥ ಚೀಟಿ ಹಿಡಿದು ‘ಏನಿಲ್ಲವಂತೆ’ ಎಂದು ಮನೆಗೆ ಬಂದು ತಾಯಿಯ ಪಕ್ಕ ಕೂತರೆ ಅದು ಪರೀಕ್ಷೆಯ ತಪ್ಪಲ್ಲ, ಓದಿದ ರೀತಿಯ ತಪ್ಪು. ಲಕ್ಷಣವಿದ್ದು ಆಂಟಿಜೆನ್ ನೆಗೆಟಿವ್ ಬಂದರೆ ಪಿಸಿಆರ್ ಮಾಡಲೇಬೇಕು ಎಂದು ಐಸಿಎಂಆರ್ ಮೊದಲ ಪತ್ರದಲ್ಲೇ ಬರೆದದ್ದು, 2021ರ ಮೇ ತಿಂಗಳಲ್ಲಿ ಪುಣೆಯ ಮೈಲ್ಯಾಬ್‌ನ ಕೋವಿಸೆಲ್ಫ್ ಕಿಟ್‌ನೊಂದಿಗೆ ಮನೆಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗಲೂ ಅದನ್ನೇ ಮತ್ತೆ ಹೇಳಿದ್ದು ಇದಕ್ಕೇ.

ಈಗ ಬೇರೊಂದು ಚಿತ್ರ. ಸೋಂಕು ಇಳಿದಿರುವ ಕಾಲದಲ್ಲಿ ಒಂದು ಕಚೇರಿಯ 1000 ಮಂದಿ. ಯಾರಿಗೂ ಲಕ್ಷಣವಿಲ್ಲ, ಐವರಿಗೆ ಸದ್ದಿಲ್ಲದ ಸೋಂಕಿದೆ. ಲಕ್ಷಣವಿಲ್ಲದವರಲ್ಲಿ ಪಟ್ಟಿಯ ಹಿಡಿತ ಕಡಿಮೆ. ಮೂವರು ಸಿಕ್ಕರು, ಇಬ್ಬರು ತಪ್ಪಿಸಿಕೊಂಡರು. ನಿರ್ದಿಷ್ಟತೆ ಶೇ. 99.5 ಇದ್ದರೂ ಸೋಂಕಿಲ್ಲದ 995 ಮಂದಿಯಲ್ಲಿ ಐವರಿಗೆ ಸುಮ್ಮನೆ ಪಾಸಿಟಿವ್ ಬರುತ್ತದೆ. ನೆಗೆಟಿವ್ ಬಂದ 992 ಮಂದಿಯಲ್ಲಿ ಸೋಂಕಿತರು ಇಬ್ಬರೇ. ಪಾಸಿಟಿವ್ ಬಂದ ಎಂಟು ಮಂದಿಯಲ್ಲಿ ಐವರು ನಿರಪರಾಧಿಗಳು.

ಮೊದಲ ಗುಂಪಿನಲ್ಲಿ ಪರೀಕ್ಷೆ ಚುರುಕಾಗಿತ್ತು, ನೆಗೆಟಿವ್ ನಂಬುವಂತಿರಲಿಲ್ಲ. ಎರಡನೆಯದರಲ್ಲಿ ಪರೀಕ್ಷೆ ಮಂಕಾಗಿತ್ತು, ನೆಗೆಟಿವ್ ನಂಬುವಂತಿತ್ತು. ಆದರೆ ಎರಡನೆಯ ನಂಬಿಕೆಯ ಬಹುಪಾಲು ಪರೀಕ್ಷೆಗೆ ಮೊದಲೇ ನಮ್ಮಲ್ಲಿತ್ತು ಎಂಬುದನ್ನು ಮರೆಯಬಾರದು. ಪಟ್ಟಿ ಅಲ್ಲಿ ಹೊಸದಾಗಿ ಹೇಳಿದ್ದು ಬಹಳ ಕಡಿಮೆ. ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುವ ರೋಗಿಯ ನೆಗೆಟಿವ್ ಮತ್ತು ಕಚೇರಿಗೆ ಹೊರಟವರ ನೆಗೆಟಿವ್ ಕಾಗದದ ಮೇಲೆ ಒಂದೇ ಅಕ್ಷರ. ವೈದ್ಯರ ಕೈಯಲ್ಲಿ ಅವು ಎರಡು ಬೇರೆ ಮಾತು. 2021ರ ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯ, ಆಸ್ಪತ್ರೆಗೆ ಸೇರಿಸಿಕೊಳ್ಳಲು ಪಾಸಿಟಿವ್ ವರದಿ ಕಡ್ಡಾಯವಲ್ಲ, ಶಂಕಿತರನ್ನು ಶಂಕಿತರ ವಾರ್ಡಿಗೆ ಸೇರಿಸಿಕೊಳ್ಳಿ ಎಂದು ನಿಯಮ ತಿದ್ದಿತು. ಈ ಲೆಕ್ಕ ಕೊನೆಗೂ ಆಡಳಿತದ ಭಾಷೆಗೆ ಇಳಿದದ್ದು ಆಗ.

ಕಡ್ಡಿಯಲ್ಲಿ ಆಗುವ ತಪ್ಪುಗಳು

ಇಲ್ಲಿಯವರೆಗೆ ಸ್ವಾಬ್ ಸರಿಯಾಗಿ ತೆಗೆದಿದ್ದಾರೆ ಎಂದೇ ಭಾವಿಸಿ ಮಾತಾಡಿದೆ. ಮೂಗಿನ ಹೊಳ್ಳೆಯ ಅಂಚನ್ನು ಸವರಿ ಕಡ್ಡಿ ಹೊರಬಂದರೆ ಯಾವ ಪರೀಕ್ಷೆಯೂ ಏನೂ ಮಾಡಲಾರದು. ಆದರೆ ಈ ತಪ್ಪನ್ನು ಪತ್ತೆಹಚ್ಚುವ ಶಕ್ತಿಯಲ್ಲೂ ಎರಡಕ್ಕೂ ವ್ಯತ್ಯಾಸವಿದೆ. ಹಲವು ಪಿಸಿಆರ್ ಕಿಟ್‌ಗಳು ವೈರಾಣುವಿನ ವಂಶವಾಹಿಗಳ ಜೊತೆಗೆ ಮನುಷ್ಯರದೇ ಒಂದು ವಂಶವಾಹಿಯನ್ನೂ ಹುಡುಕುತ್ತವೆ. ಅದು ಕಾಣದಿದ್ದರೆ ಕಡ್ಡಿಗೆ ಜೀವಕೋಶಗಳೇ ಅಂಟಿಲ್ಲ ಅಥವಾ ಪ್ರಕ್ರಿಯೆ ಕೆಟ್ಟಿದೆ ಎಂದರ್ಥ; ಪ್ರಯೋಗಾಲಯ ‘ನೆಗೆಟಿವ್’ ಎನ್ನದೆ ಮರುಮಾದರಿ ಕೇಳಬೇಕು.

ಆಂಟಿಜೆನ್ ಪಟ್ಟಿಯ ಸಿ ಗೆರೆಯನ್ನು ಜನ ಇದೇ ಬಗೆಯ ಖಾತರಿ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಸಿ ಗೆರೆ ಹೇಳುವುದು ದ್ರವ ಪಟ್ಟಿಯುದ್ದಕ್ಕೂ ಹರಿಯಿತು, ಬಣ್ಣದ ಪ್ರತಿಕಾಯಗಳು ಕೆಟ್ಟಿಲ್ಲ ಎಂದು ಮಾತ್ರ. ಮೂಗಿಗೆ ತಾಗಿಸದೇ ಇದ್ದ ಕಡ್ಡಿಯನ್ನು ಬಫರ್‌ನಲ್ಲಿ ಅದ್ದಿ ಹಾಕಿದರೂ ಸಿ ಗೆರೆ ಚೆನ್ನಾಗಿಯೇ ಮೂಡುತ್ತದೆ. ಆದ್ದರಿಂದ ಪಟ್ಟಿಯ ನೆಗೆಟಿವ್ ಸ್ವಾಬಿನ ಗುಣಮಟ್ಟದ ಬಗ್ಗೆ ಮೌನವಾಗಿದೆ. ಸಿ ಗೆರೆಯೇ ಬಾರದಿದ್ದರೆ ಆ ಪರೀಕ್ಷೆ ನೆಗೆಟಿವ್ ಅಲ್ಲ, ರದ್ದು. ಟಿ ಗೆರೆ ಎಷ್ಟೇ ತೆಳುವಾಗಿದ್ದರೂ ಕಿಟ್ ಹೇಳಿದ ಅವಧಿಯೊಳಗೆ ಮೂಡಿದರೆ ಅದು ಪಾಸಿಟಿವ್. ಅವಧಿ ಕಳೆದ ಮೇಲೆ, ಪಟ್ಟಿ ಒಣಗಿದಾಗ ಕಾಣುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ತಡವೂ ಒಂದು ಬಗೆಯ ತಪ್ಪೇ. ಪಿಸಿಆರ್ ಪ್ರಕ್ರಿಯೆಗೆ ಬೇಕಾದದ್ದು ಕೆಲವೇ ಗಂಟೆ. ಆದರೆ ಎರಡನೇ ಅಲೆಯಲ್ಲಿ ಮಾದರಿಗಳು ರಾಶಿಬಿದ್ದು, ವರದಿ ಬರಲು ದಿನಗಳೇ ಹಿಡಿದವು. ಮೂರು ದಿನದ ಮೇಲೆ ಬಂದ ವರದಿ ಮೂರು ದಿನ ಹಿಂದಿನ ಮೂಗಿನ ಕಥೆ ಹೇಳುತ್ತದೆ. ಪಾಸಿಟಿವ್ ಇದ್ದರೆ ಅಷ್ಟರಲ್ಲಿ ಮನೆಯವರಿಗೆಲ್ಲ ಹರಡಿರಬಹುದು. ನೆಗೆಟಿವ್ ಇದ್ದರೆ ಅದು ಹಳಸಿರಬಹುದು. ಹದಿನೈದು ನಿಮಿಷದಲ್ಲಿ ಉತ್ತರ ಕೊಡುವ ಮೊಂಡು ಪರೀಕ್ಷೆ ಮೂರು ದಿನದ ಮೇಲೆ ಉತ್ತರಿಸುವ ಚೂಪು ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂದರ್ಭಗಳಿವೆ ಎಂದು ಅಮೆರಿಕದ ಸಾಂಕ್ರಾಮಿಕ ರೋಗತಜ್ಞ ಮೈಕಲ್ ಮಿನಾ ಮತ್ತು ಸಂಗಡಿಗರು 2020ರಲ್ಲಿ ವಾದಿಸಿದ್ದು ಇದೇ ನೆಲೆಯಲ್ಲಿ. ಒಂದು ಪರೀಕ್ಷೆ ಎಷ್ಟು ಸೂಕ್ಷ್ಮ ಎಂಬುದಕ್ಕಿಂತ, ಮತ್ತೆ ಮತ್ತೆ ಮಾಡಿದಾಗ ಹರಡುವ ಹಂತದವರನ್ನು ಅದು ಬೇಗ ಹಿಡಿಯುತ್ತದೆಯೇ ಎಂದು ಕೇಳಿ ಎಂಬುದು ಅವರ ಮಾತು.

ಮತ್ತೆ ಮಾಡುವುದಕ್ಕೂ ಒಂದು ಕ್ರಮವಿದೆ. ಅಮೆರಿಕದ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಕೊಟ್ಟ ಸಲಹೆ ಹೀಗಿತ್ತು: ಲಕ್ಷಣ ಇದ್ದವರಿಗೆ ಆಂಟಿಜೆನ್ ನೆಗೆಟಿವ್ ಬಂದರೆ 48 ಗಂಟೆಯ ಮೇಲೆ ಇನ್ನೊಂದು, ಲಕ್ಷಣವಿಲ್ಲದೆ ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ 48 ಗಂಟೆಯ ಅಂತರದಲ್ಲಿ ಒಟ್ಟು ಮೂರು. ಒಂದೇ ಸಂಜೆ ಎರಡು ಕಿಟ್ ಒಡೆದು ನೋಡಿದರೆ ಇದರ ಫಲ ಸಿಗದು. ಅಂತರ ಬೇಕಾದದ್ದು ವೈರಾಣುವಿಗೆ ಪಟ್ಟಿಯ ಕಣ್ಣಿಗೆ ಬೀಳುವಷ್ಟು ಬೆಳೆಯಲು.

ಕೊನೆಯ ಮಾತು

ಇಷ್ಟನ್ನೂ ಮನೆಬಳಕೆಗೆ ಇಳಿಸುವುದಾದರೆ, ನೆಗೆಟಿವ್ ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಇದು ಆಂಟಿಜೆನ್ನೋ ಪಿಸಿಆರ್ರೋ? ಸ್ವಾಬ್ ತೆಗೆದದ್ದು ಸಂಪರ್ಕದ ಅಥವಾ ಲಕ್ಷಣದ ಎಷ್ಟನೇ ದಿನ? ವರದಿ ನೋಡುವ ಮೊದಲು ನಮಗೆ ಎಷ್ಟು ಸಂಶಯವಿತ್ತು? ಸಂಶಯ ಕಡಿಮೆಯಿದ್ದರೆ ಒಂದು ನೆಗೆಟಿವ್ ಸಾಕು. ಸಂಶಯ ಬಲವಾಗಿದ್ದರೆ ಆಂಟಿಜೆನ್ ನೆಗೆಟಿವ್‌ನ ಮೇಲೆ ಪಿಸಿಆರ್ ಮಾಡಿಸಬೇಕು, ಇಲ್ಲವೇ ಎರಡು ದಿನ ಬಿಟ್ಟು ಪಟ್ಟಿಯನ್ನೇ ಮತ್ತೆ ನೋಡಬೇಕು. ಆ ಫಲಿತಾಂಶ ಬರುವವರೆಗೆ ಸೋಂಕಿದೆ ಎಂದೇ ನಡೆದುಕೊಳ್ಳಬೇಕು. ಪಿಸಿಆರ್ ಕೂಡ ನೆಗೆಟಿವ್ ಬಂದು ಉಸಿರಾಟ ಕೆಡುತ್ತಿದ್ದರೆ ವರದಿಯನ್ನು ಬದಿಗಿಟ್ಟು ರೋಗಿಯನ್ನು ನೋಡಬೇಕು. ಕಾಯಿಲೆ ಕಳೆದ ಮೇಲೆ ಮನೆಯ ವೃದ್ಧರ ಬಳಿ ಹೋಗಬಹುದೇ ಎಂದು ತಿಳಿಯಬೇಕಿದ್ದರೆ ಪಿಸಿಆರ್‌ಗಿಂತ ಆಂಟಿಜೆನ್ ಪಟ್ಟಿಯ ನೆಗೆಟಿವ್ ಹೆಚ್ಚು ಉಪಯುಕ್ತ.

ಪ್ರಯೋಗಾಲಯದವರಲ್ಲಿ ನನ್ನದೊಂದು ಕೋರಿಕೆಯಿದೆ. ವರದಿಯ ಮೇಲೆ ಅದು ಹೊರಬಿದ್ದ ದಿನಾಂಕ ದೊಡ್ಡದಾಗಿಯೂ, ಸ್ವಾಬ್ ತೆಗೆದ ದಿನ ಮತ್ತು ಗಂಟೆ ಎಲ್ಲೋ ಮೂಲೆಯಲ್ಲಿ ಸಣ್ಣದಾಗಿಯೂ ಇರುವುದನ್ನು ನೋಡಿದ್ದೇನೆ. ಅದನ್ನು ತಿರುವುಮುರುವು ಮಾಡಿ. ಜೊತೆಗೆ ಲಕ್ಷಣ ಶುರುವಾದ ದಿನವನ್ನೂ ಮುದ್ರಿಸಿ. ಓದುವ ವೈದ್ಯರಿಗೆ ‘ನೆಗೆಟಿವ್’ ಎಂಬ ಪದಕ್ಕಿಂತ ಆ ಎರಡು ದಿನಾಂಕಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ.